ಔನ್ಸ್ ಡಾಲರ್‌ನಿಂದ ಪವನ್ ರೂಪಾಯಿವರೆಗೆ: ಚಿನ್ನದ ರೇಟ್ ಎಲ್ಲೆಲ್ಲಿ ಬದಲಾಗ್ತದೆ, ಮನೇಲೇ ಲೆಕ್ಕ ಹಾಕೋದು ಹೇಗೆ

ದುಬೈಯಲ್ಲಿರುವ ನಮ್ಮ ಭಾವ ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಲೆಕ್ಕ ಕಳಿಸಿದ್ರು. ಔನ್ಸ್‌ಗೆ ಇಷ್ಟು ಡಾಲರ್, ಒಂದು ಔನ್ಸ್ ಅಂದ್ರೆ 28.35 ಗ್ರಾಂ, ಡಾಲರ್‌ಗೆ ಇಷ್ಟು ರೂಪಾಯಿ, ಹಾಗಾದ್ರೆ ಗ್ರಾಂಗೆ ಇಷ್ಟು ಅಂತ. ಕೆಳಗೆ ಒಂದು ಸಾಲು, "ಎಂತ ಮಾರಾಯ, ಊರಲ್ಲೇ ಚಿನ್ನ ಕಡಿಮೆ ಉಂಟಲ್ಲ, ನಾನ್ಯಾಕೆ ಇಲ್ಲಿಂದ ತರೋದು?" ಅಕ್ಕನ ಮಗಳ ಮದುವೆಗೆ ಚಿನ್ನ ಆಗ್ಬೇಕಿತ್ತು, ಅದಕ್ಕೆ ಈ ತಲೆಬಿಸಿ. ನಾನು ಉಡುಪಿಯಲ್ಲಿ ಒಂದೆರಡು ಚಿನ್ನದ ಅಂಗಡಿಗಳ ಲೆಕ್ಕ ಬರೀತೇನೆ, ಹಾಗಾಗಿ ಮನೆಯಲ್ಲಿ ಇಂಥ ಪ್ರಶ್ನೆ ಎಲ್ಲ ನನ್ನ ತಲೆಗೇ ಬರೋದು. ಭಾವನಿಗೆ ಅವತ್ತು ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಬರೀತಿದ್ದೇನೆ. ಒಂದು ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಇದ್ರೆ ಸಾಕು.

ಉದಾಹರಣೆಗೆ ಇಡೀ ಬರಹದಲ್ಲಿ ಒಂದೇ ಜೋಡಿ ಅಂಕಿ ಇಟ್ಕೊಳ್ಳುವ: ಔನ್ಸ್‌ಗೆ 2500 ಡಾಲರ್, ಡಾಲರ್‌ಗೆ 84 ರೂಪಾಯಿ. 2024ರ ಆಗಸ್ಟ್ ಕೊನೆಗೆ ಹೆಚ್ಚುಕಡಿಮೆ ಹೀಗೇ ಇತ್ತು. ಇವತ್ತಿನ ಅಂಕಿ ಬೇರೆ ಇರ್ತದೆ, ಅದನ್ನು ನೀವೇ ಹಾಕ್ಕೊಳ್ಳಿ, ದಾರಿ ಅದೇ.

ಹೆಜ್ಜೆ 1: ಔನ್ಸ್ ಯಾವುದು ಅಂತ ಸರಿ ಮಾಡ್ಕೊಳ್ಳಿ

ಭಾವ ತಪ್ಪಿದ್ದು ಇಲ್ಲೇ. ಗೂಗಲ್‌ನಲ್ಲಿ ಔನ್ಸ್ ಅಂದ್ರೆ ಎಷ್ಟು ಗ್ರಾಂ ಅಂತ ಕೇಳಿದ್ರೆ 28.35 ಅಂತ ಬರ್ತದೆ, ಅದು ಅಮೆರಿಕದವರು ಅಡುಗೆಮನೆಯಲ್ಲಿ, ಪೋಸ್ಟಾಫೀಸಲ್ಲಿ ತೂಗುವ ಔನ್ಸ್. ಚಿನ್ನ ಬೆಳ್ಳಿಯದ್ದು ಬೇರೆ, ಟ್ರಾಯ್ ಔನ್ಸ್ ಅಂತ, ಅದು 31.1035 ಗ್ರಾಂ (ಪೂರ್ತಿ ಹೇಳ್ಬೇಕಾದ್ರೆ 31.1034768). ವ್ಯತ್ಯಾಸ ಸಣ್ಣದು ಅಂತ ಕಾಣ್ತದೆ, ಆದ್ರೆ ಅದು ಸುಮಾರು ನೂರಕ್ಕೆ ಹತ್ತರಷ್ಟು.

2500 ಡಾಲರನ್ನು 31.1035ರಿಂದ ಭಾಗಿಸಿದ್ರೆ ಗ್ರಾಂಗೆ 80.38 ಡಾಲರ್. ಅದನ್ನು 84ರಿಂದ ಗುಣಿಸಿದ್ರೆ ಗ್ರಾಂಗೆ ಸುಮಾರು 6,752 ರೂಪಾಯಿ, ಹತ್ತು ಗ್ರಾಂಗೆ 67,517. ಇದು ಯಾವ ಟ್ಯಾಕ್ಸೂ ಸೇರದ, ಅಂತರರಾಷ್ಟ್ರೀಯ ರೇಟ್ ಅನ್ನುವ ಲಂಡನ್ ಮಾರ್ಕೆಟ್ಟಿನ ಬರೀ ಚಿನ್ನದ ಬೆಲೆ. ಭಾವನ ಹಾಗೆ 28.35 ಹಾಕಿದ್ರೆ ಹತ್ತು ಗ್ರಾಂಗೆ 74 ಸಾವಿರ ದಾಟ್ತದೆ. ಆಗ ಇಂಪೋರ್ಟ್ ಡ್ಯೂಟಿ ಎಲ್ಲ ಸೇರಿದ ನಮ್ಮೂರಿನ ರೇಟೇ ಕಡಿಮೆ ಅಂತ ಕಾಣೋದ್ರಲ್ಲಿ ಆಶ್ಚರ್ಯ ಇಲ್ಲ. ನಿಮ್ಮ ಲೆಕ್ಕದಲ್ಲಿ ಯಾವತ್ತಾದ್ರೂ ಊರಿನ 24 ಕ್ಯಾರೆಟ್ ರೇಟ್ ಅಂತರರಾಷ್ಟ್ರೀಯ ರೇಟ್‌ಗಿಂತ ಕಡಿಮೆ ಬಂತು ಅಂದ್ರೆ ಖುಷಿ ಪಡುವ ಮೊದಲು ಈ ಔನ್ಸನ್ನು ನೋಡಿ.

ಇನ್ನೊಂದು, ಅಂತರರಾಷ್ಟ್ರೀಯ ರೇಟ್ ಹೇಳುವಾಗ ಅದು ಶುದ್ಧ ಚಿನ್ನದ ತೂಕಕ್ಕೆ. ಲಂಡನ್ನಿನ ದೊಡ್ಡ ಗಟ್ಟಿ ಸುಮಾರು 400 ಔನ್ಸ್ ಇರ್ತದೆ, ಶುದ್ಧತೆ ಕನಿಷ್ಠ 995 ಇರ್ಬೇಕು, ಆದ್ರೆ ದುಡ್ಡು ಕೊಡೋದು ಅದರೊಳಗಿನ ಅಪ್ಪಟ ಚಿನ್ನಕ್ಕೆ ಮಾತ್ರ. ನಮ್ಮಲ್ಲಿ ಅಂಗಡಿಯ ಬೋರ್ಡಿನಲ್ಲಿ ದೊಡ್ಡದಾಗಿ ಬರೆಯೋದು 22 ಕ್ಯಾರೆಟ್ ರೇಟ್, ಅಂದ್ರೆ ಸಾವಿರದಲ್ಲಿ 916 ಭಾಗ ಚಿನ್ನ, ಉಳಿದದ್ದು ತಾಮ್ರ ಬೆಳ್ಳಿ. ಆ 22 ಕ್ಯಾರೆಟ್ ರೇಟನ್ನು ನೇರ ಔನ್ಸ್ ರೇಟಿನ ಜೊತೆ ಇಟ್ಟು ನೋಡಿದ್ರೂ ಅದೇ ಭ್ರಮೆ ಬರ್ತದೆ, ಊರಲ್ಲಿ ಅಗ್ಗ ಅಂತ. ಪವನ್ ಲೆಕ್ಕದವರು ಇನ್ನೂ ಜಾಗ್ರತೆ ಮಾಡ್ಬೇಕು, ನಮ್ಮ ಕಡೆ ಒಂದು ಪವನ್ ಅಂದ್ರೆ 8 ಗ್ರಾಂ 22 ಕ್ಯಾರೆಟ್, ಅದರಲ್ಲಿ ಅಪ್ಪಟ ಚಿನ್ನ 7.33 ಗ್ರಾಂ ಮಾತ್ರ.

ಹೆಜ್ಜೆ 2: ಡಾಲರ್ ರೇಟ್

ಇದರಲ್ಲಿ ಹೆಚ್ಚು ಹೇಳ್ಲಿಕ್ಕೆ ಇಲ್ಲ. ನೋಡ್ಬೇಕಾದ್ದು ಬ್ಯಾಂಕುಗಳ ನಡುವಿನ ರೇಟ್, ಫೋನಲ್ಲಿ USDINR ಅಂತ ಹಾಕಿದ್ರೆ ಬರುವುದು. ಬಜ್ಪೆ ಏರ್‌ಪೋರ್ಟಿನ ಕೌಂಟರಲ್ಲಿ ನೋಟು ಬದಲಾಯಿಸುವ ರೇಟ್ ಅಲ್ಲ, ಊರಿಗೆ ದುಡ್ಡು ಕಳಿಸುವ ಆ್ಯಪ್‌ನ ರೇಟೂ ಅಲ್ಲ, ಅವುಗಳಲ್ಲಿ ಅವರ ಕಮಿಷನ್ ಸೇರಿರ್ತದೆ. ಔನ್ಸ್ ರೇಟ್ ನೋಡಿದ ಹೊತ್ತಿಗೇ ಡಾಲರ್ ರೇಟ್ ಕೂಡ ನೋಡಿ. ಒಂದು ನಿನ್ನೆ ರಾತ್ರಿದು ಒಂದು ಇವತ್ತು ಬೆಳಿಗ್ಗೆದು ಆದ್ರೆ ಲೆಕ್ಕ ಹೊಂದುವುದಿಲ್ಲ.

ಆದ್ರೆ ಇಲ್ಲೊಂದು ವಿಷಯ ತಲೆಯಲ್ಲಿ ಕೂತ್ರೆ ದಿನಾ ಬರುವ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೆ. ನಮ್ಮ ಉದಾಹರಣೆಯ ಅಂಕಿಯಲ್ಲಿ ಡ್ಯೂಟಿ ಸೇರಿಸಿ ನೋಡಿದ್ರೆ, ಔನ್ಸ್ ರೇಟ್ 10 ಡಾಲರ್ ಏರಿದ್ರೆ ಹತ್ತು ಗ್ರಾಂಗೆ ಸುಮಾರು 286 ರೂಪಾಯಿ ಏರ್ತದೆ. ಡಾಲರ್ ಒಂದು ರೂಪಾಯಿ ದುಬಾರಿ ಆದ್ರೆ ಹತ್ತು ಗ್ರಾಂಗೆ 852 ರೂಪಾಯಿ. ಅಂದ್ರೆ ರೂಪಾಯಿ ಒಂದು ರೂಪಾಯಿ ಬಿದ್ದದ್ದು ಔನ್ಸ್ ರೇಟ್ 30 ಡಾಲರ್ ಏರಿದ್ದಕ್ಕೆ ಸಮ. ಒಂದು ವಾರದಲ್ಲಿ ಔನ್ಸ್ 20 ಡಾಲರ್ ಇಳೀತು, ಅದೇ ವಾರ ಡಾಲರ್ ಒಂದು ರೂಪಾಯಿ ಏರ್ತು ಅಂತ ಇಟ್ಕೊಳ್ಳಿ, ಹೊರಗೆ ಚಿನ್ನ ಇಳಿದ್ರೂ ನಮ್ಮಲ್ಲಿ ಹತ್ತು ಗ್ರಾಂಗೆ ಸುಮಾರು 270 ರೂಪಾಯಿ ಏರಿಯೇ ಇರ್ತದೆ. ಆಗ ಅಂಗಡಿಗೆ ಬಂದು "ಟಿವಿಯಲ್ಲಿ ಇಳಿದಿದೆ ಅಂದ್ರು, ನೀವು ಮೋಸ ಮಾಡ್ತೀರಿ" ಅಂತ ಜಗಳಕ್ಕೆ ನಿಲ್ಲುವವರು ಉಂಟು. ಪಾಪ, ಅವರದ್ದೂ ತಪ್ಪಲ್ಲ, ಟಿವಿಯವರು ಡಾಲರ್ ವಿಷಯ ಹೇಳಿರುವುದಿಲ್ಲ.

ದಿರ್ಹಮ್ ಲೆಕ್ಕದವರಿಗೆ ಸ್ವಲ್ಪ ಸುಲಭ. ದಿರ್ಹಮನ್ನು ಡಾಲರ್‌ಗೆ 3.6725ಕ್ಕೆ ಕಟ್ಟಿ ಹಾಕಿದ್ದಾರೆ, ಹಾಗಾಗಿ ದುಬೈ ರೇಟ್ ಅಂದ್ರೆ ಡಾಲರ್ ರೇಟೇ, ಅಂಗಿ ಮಾತ್ರ ಬೇರೆ. ಔನ್ಸ್‌ಗೆ 2500 ಡಾಲರ್ ಇದ್ದಾಗ ಗ್ರಾಂಗೆ 295 ದಿರ್ಹಮ್ ಬರ್ಬೇಕು. ಅಲ್ಲಿನ ಅಂಗಡಿಯ ಬೋರ್ಡಿನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇರ್ತದೆ, ಅವರೂ ವ್ಯಾಪಾರಸ್ಥರೇ ಅಲ್ವಾ.

ಹೆಜ್ಜೆ 3: ಕಸ್ಟಮ್ಸ್ ಡ್ಯೂಟಿ ಸೇರಿಸೋದು

ನಮ್ಮ ದೇಶದಲ್ಲಿ ಬಳಸುವ ಚಿನ್ನದಲ್ಲಿ ಹೆಚ್ಚಿನ ಪಾಲು ಹೊರಗಿಂದಲೇ ಬರೋದು, ಕೋಲಾರದ ಗಣಿ ಮುಚ್ಚಿ 2001ಕ್ಕೇ ಕಥೆ ಮುಗೀತು, ಈಗ ಹಟ್ಟಿಯಿಂದ ಬರೋದು ನಮ್ಮ ಬೇಡಿಕೆಯ ಎದುರು ಏನೂ ಅಲ್ಲ. ಹಾಗಾಗಿ ಡ್ಯೂಟಿ ಕಟ್ಟಿ ಒಳಗೆ ಬಂದ ಚಿನ್ನದ ಬೆಲೆಯೇ ಊರಿನ ಬೆಲೆಗೆ ತಳಪಾಯ. 2024ರ ಜುಲೈ 24ರಿಂದ ಜಾರಿಗೆ ಬಂದದ್ದು 6%, ಅದರಲ್ಲಿ 5% ಬೇಸಿಕ್ ಕಸ್ಟಮ್ಸ್ ಡ್ಯೂಟಿ, 1% ಕೃಷಿ ಸೆಸ್. ಅದಕ್ಕೆ ಮೊದಲು, 2022ರ ಜುಲೈಯಿಂದ 15% ಇತ್ತು. ಡ್ಯೂಟಿ ಬದಲಾದಾಗೆಲ್ಲ ಕೆಳಗಿನ ಲೆಕ್ಕದಲ್ಲಿ 1.06 ಇರುವಲ್ಲಿ ಹೊಸ ಅಂಕಿ ಹಾಕಿದ್ರಾಯ್ತು.

67,517ಕ್ಕೆ 6% ಸೇರಿಸಿದ್ರೆ 71,568. ಇದನ್ನು ಫೋನಿನ ಶೀಟ್‌ನಲ್ಲಿ ಒಂದು ಸಲ ಮಾಡಿಟ್ರೆ ಮತ್ತೆ ಮತ್ತೆ ಗುಣಿಸುವ ಕೆಲಸ ಇಲ್ಲ. A1ನಲ್ಲಿ ಔನ್ಸ್ ರೇಟ್, B1ನಲ್ಲಿ ಡಾಲರ್ ರೇಟ್ ಹಾಕಿ, C1ನಲ್ಲಿ ಇದು:

```
=A1/31.1034768*10*B1*1.06
```

ಶೀಟ್ ಬೇಡ, ಬಾಯಿಲೆಕ್ಕ ಸಾಕು ಅನ್ನುವವರು ಔನ್ಸ್ ರೇಟನ್ನೂ ಡಾಲರ್ ರೇಟನ್ನೂ ಗುಣಿಸಿ, ಬಂದದ್ದನ್ನು 0.3408ರಿಂದ ಗುಣಿಸಿ. 2500 ಗುಣಿಲೆ 84 ಅಂದ್ರೆ 2,10,000, ಅದಕ್ಕೆ 0.3408 ಅಂದ್ರೆ 71,568. ಡ್ಯೂಟಿ 6% ಇರುವವರೆಗೆ ಮಾತ್ರ ಈ 0.3408 ನಡೀತದೆ.

ಇಲ್ಲಿ ಒಂದು ಸೂಕ್ಷ್ಮ ಉಂಟು, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬ್ಯಾಂಕಿನವರು ಇವತ್ತು ಎಷ್ಟಕ್ಕೆ ತಂದ್ರೋ ಅದರ ಮೇಲೆ ಕಸ್ಟಮ್ಸ್‌ನವರು ಡ್ಯೂಟಿ ಹಾಕುವುದಿಲ್ಲ. ಚಿನ್ನಕ್ಕೆ ಟ್ಯಾರಿಫ್ ವ್ಯಾಲ್ಯೂ ಅಂತ ಒಂದು ಉಂಟು, ಹತ್ತು ಗ್ರಾಂಗೆ ಇಷ್ಟು ಡಾಲರ್ ಅಂತ ಸರ್ಕಾರವೇ ಸುಮಾರು ಹದಿನೈದು ದಿನಕ್ಕೊಮ್ಮೆ ಘೋಷಣೆ ಮಾಡ್ತದೆ, ಡ್ಯೂಟಿ ಅದರ ಮೇಲೆ. ಅದನ್ನು ರೂಪಾಯಿಗೆ ತಿರುಗಿಸ್ಲಿಕ್ಕೂ ಕಸ್ಟಮ್ಸ್‌ನದ್ದೇ ಬೇರೆ ಡಾಲರ್ ರೇಟ್. ಹಾಗಾಗಿ ಚಿನ್ನ ಒಮ್ಮೆಲೇ ಏರಿದ ವಾರದಲ್ಲಿ ಡ್ಯೂಟಿ ಹಳೇ ಕಡಿಮೆ ಬೆಲೆ ಮೇಲೆಯೇ ಬೀಳ್ತಿರ್ತದೆ. ಹತ್ತು ಗ್ರಾಂನ ನಿಜ ಬೆಲೆ 804 ಡಾಲರ್, ಘೋಷಣೆ ಆದದ್ದು 780 ಅಂತ ಇದ್ರೆ ಡ್ಯೂಟಿಯಲ್ಲಿ ಸುಮಾರು 120 ರೂಪಾಯಿ ಕಡಿಮೆ ಆಗ್ತದೆ. ಬೀಳುವ ವಾರದಲ್ಲಿ ಇದು ತಿರುಗಮುರುಗ. ಅದಕ್ಕೇ ಹೇಳೋದು, ನಮ್ಮ ಲೆಕ್ಕಕ್ಕೂ ಮಾರ್ಕೆಟ್‌ಗೂ ಹತ್ತು ಗ್ರಾಂನಲ್ಲಿ ನೂರು ನೂರೈವತ್ತು ರೂಪಾಯಿ ಹೆಚ್ಚುಕಮ್ಮಿ ಬಂದ್ರೆ ನಿದ್ದೆಗೆಡ್ಬೇಕಾಗಿಲ್ಲ.

ಹೆಜ್ಜೆ 4: ಬಂದ ಉತ್ತರವನ್ನು ಯಾವುದರ ಜೊತೆ ಇಟ್ಟು ನೋಡೋದು

71,568 ಬಂತು. ಇದನ್ನು ನೇರ ಅಂಗಡಿಯ ಬೋರ್ಡಿನ ಜೊತೆ ಹೋಲಿಸ್ಬೇಡಿ, ಮೊದಲು ನಡುವಿನ ಮಾರ್ಕೆಟ್ ನೋಡಿ. ಒಂದು, ಮುಂಬೈಯ ಚಿನ್ನದ ವ್ಯಾಪಾರಿಗಳ ಸಂಘ ಐಬಿಜೆಎ ದಿನಕ್ಕೆ ಎರಡು ಸಲ ಹಾಕುವ 999 ಶುದ್ಧತೆಯ ರೇಟ್. ಆರ್‌ಬಿಐ ಗೋಲ್ಡ್ ಬಾಂಡಿಗೆ ಬೆಲೆ ಕಟ್ಟೋದು ಕೂಡ ಇದರ ಮೇಲೆಯೇ. ಇನ್ನೊಂದು ಎಂಸಿಎಕ್ಸ್ ಅನ್ನುವ ಎಕ್ಸ್‌ಚೇಂಜಿನಲ್ಲಿ ಮುಂದಿನ ತಿಂಗಳುಗಳಿಗೆ ಈಗಲೇ ಬೆಲೆ ಕಟ್ಟಿ ವ್ಯಾಪಾರ ಆಗುವ ಚಿನ್ನದ ಫ್ಯೂಚರ್ಸ್, ಅದೂ ಹತ್ತು ಗ್ರಾಂ ಲೆಕ್ಕದಲ್ಲೇ, ಆದ್ರೆ 995 ಶುದ್ಧತೆಗೆ, ಹಾಗಾಗಿ ನಮ್ಮ ಉತ್ತರವನ್ನು 0.995ರಿಂದ ಗುಣಿಸಿ ಆಮೇಲೆ ನೋಡ್ಬೇಕು. ಎರಡರಲ್ಲೂ ಡ್ಯೂಟಿ ಸೇರಿರ್ತದೆ, ಜಿಎಸ್‌ಟಿ ಸೇರಿರುವುದಿಲ್ಲ. ಜಿಎಸ್‌ಟಿ ಸೇರಿಸಿದ ರೇಟನ್ನೂ ಸೇರಿಸದ ರೇಟನ್ನೂ ಪಕ್ಕಪಕ್ಕ ಇಟ್ಟು 3% ಎಲ್ಲಿ ಹೋಯ್ತು ಅಂತ ಹುಡುಕುವವರನ್ನು ನಾನು ಸುಮಾರು ನೋಡಿದ್ದೇನೆ, ಅದರಲ್ಲಿ ಒಬ್ಬ ನಾನೇ, ಲೆಕ್ಕ ಕಲಿಯುವಾಗ.

ಡ್ಯೂಟಿ ಸೇರಿದ ನಮ್ಮ ಉತ್ತರಕ್ಕೂ ಮಾರ್ಕೆಟ್ ರೇಟ್‌ಗೂ ಇರುವ ವ್ಯತ್ಯಾಸ ಏನುಂಟೋ ಅದಕ್ಕೆ ಬುಲಿಯನ್ ಡೀಲರುಗಳು ಪ್ರೀಮಿಯಂ ಅಥವಾ ಡಿಸ್ಕೌಂಟ್ ಅಂತಾರೆ, ಅದನ್ನೂ ಔನ್ಸ್‌ಗೆ ಇಷ್ಟು ಡಾಲರ್ ಅಂತಲೇ ಹೇಳ್ತಾರೆ. ಮದುವೆ ಸೀಸನ್, ಅಕ್ಷಯ ತೃತೀಯ, ದೀಪಾವಳಿ ಹೊತ್ತಿಗೆ ಬೇಡಿಕೆ ಏರಿ, ತಂದಿಟ್ಟ ಚಿನ್ನ ಸಾಲದಿದ್ರೆ ಪ್ರೀಮಿಯಂ. ಬೆಲೆ ಒಮ್ಮೆಲೇ ಏರಿ ಜನ ಅಂಗಡಿ ಕಡೆ ತಲೆ ಹಾಕದಿದ್ರೆ ಡಿಸ್ಕೌಂಟ್, ಆಗ ಡ್ಯೂಟಿ ಕಟ್ಟಿದವನು ಕಟ್ಟಿದ ಡ್ಯೂಟಿಯೂ ಪೂರ್ತಿ ಗಿಟ್ಟದೆ ಮಾರ್ತಾನೆ.

ಡಿಸ್ಕೌಂಟ್‌ಗೆ ಇನ್ನೂ ಒಂದು ಕಾರಣ ಉಂಟು. ಡ್ಯೂಟಿ ಜಾಸ್ತಿ ಇದ್ದಷ್ಟೂ ಕಟ್ಟದೆ ತರುವವನಿಗೆ ಲಾಭ ಜಾಸ್ತಿ. 15% ಇದ್ದಾಗ ಕಿಲೋಗೆ ಎಂಟೊಂಬತ್ತು ಲಕ್ಷ ಡ್ಯೂಟಿ ಉಳೀತದೆ, ಅದರಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಮಾರಿದ್ರೂ ಅವನಿಗೆ ಲಾಭವೇ, ಆದ್ರೆ ನ್ಯಾಯವಾಗಿ ತಂದವನು ಅದೇ ಬೆಲೆಗೆ ಇಳೀಲೇಬೇಕು. ಏರ್‌ಪೋರ್ಟಲ್ಲಿ ಪೇಸ್ಟ್ ಮಾಡಿದ ಚಿನ್ನ ಸಿಕ್ತು ಅಂತ ಪೇಪರಲ್ಲಿ ಓದ್ತೇವಲ್ಲ, ಅದು ಬರೀ ಪೊಲೀಸ್ ಸುದ್ದಿ ಅಲ್ಲ, ಬೋರ್ಡಿನ ರೇಟ್‌ಗೂ ಅದಕ್ಕೂ ಸಂಬಂಧ ಉಂಟು. ಇದಲ್ಲದೆ ಗಣಿಯಿಂದ ಅರೆಶುದ್ಧವಾಗಿ ಬರುವ ಡೋರೆ ಚಿನ್ನಕ್ಕೆ ಡ್ಯೂಟಿ ಸ್ವಲ್ಪ ಕಡಿಮೆ, 6% ಬದಲು 5.35%. ಅದನ್ನು ತಂದು ಇಲ್ಲೇ ಶುದ್ಧ ಮಾಡುವ ರಿಫೈನರಿಯವರಿಗೆ ಅಷ್ಟು ಅವಕಾಶ ಸಿಗ್ತದೆ, ಅವರೂ ಸ್ವಲ್ಪ ಕಡಿಮೆಗೆ ಕೊಡಬಹುದು.

ಒಂದೇ ದಿನದಲ್ಲಿ ಎಲ್ಲ ಕಾಣಿಸಿದ್ದು: 2024ರ ಜುಲೈ 23

ಬಜೆಟ್ ದಿನ ಅದು. ಬೆಳಿಗ್ಗೆ ಸುಮಾರು ಔನ್ಸ್ 2400 ಡಾಲರ್, ಡಾಲರ್ 83.6. ಸಂಜೆಗೂ ಹೆಚ್ಚುಕಡಿಮೆ ಅಷ್ಟೇ, ಹೊರಗಿನ ಪ್ರಪಂಚದಲ್ಲಿ ಏನೂ ಆಗಿರ್ಲಿಲ್ಲ. ನಮ್ಮಲ್ಲಿ ಮಾತ್ರ ಡ್ಯೂಟಿ 15ರಿಂದ 6ಕ್ಕೆ ಇಳಿಸಿದ್ರು.

ನಮ್ಮ ಲೆಕ್ಕ ಹಾಕಿ ನೋಡಿ. 2400ನ್ನು 31.1035ರಿಂದ ಭಾಗಿಸಿ 83.6ರಿಂದ ಗುಣಿಸಿದ್ರೆ ಹತ್ತು ಗ್ರಾಂಗೆ 64,500ರ ಹತ್ತಿರ. ಅದಕ್ಕೆ 15% ಸೇರಿಸಿದ್ರೆ 74,180, 6% ಸೇರಿಸಿದ್ರೆ 68,380. ಎಂಸಿಎಕ್ಸ್ 995 ಅಲ್ವಾ, ಅದಕ್ಕೆ ಇಳಿಸಿದ್ರೆ 73,800 ಮತ್ತು 68,000. ಪುಸ್ತಕದ ಲೆಕ್ಕದಲ್ಲಿ ರೇಟ್ 5,800 ರೂಪಾಯಿ ಬೀಳ್ಬೇಕಿತ್ತು. ನಿಜವಾಗಿ ಎಂಸಿಎಕ್ಸ್ ಹಿಂದಿನ ದಿನ 72,700ರ ಆಸುಪಾಸಲ್ಲಿತ್ತು, ಅವತ್ತು 68,500ರ ಆಸುಪಾಸಿಗೆ ಬಂತು. ಬಿದ್ದದ್ದು 4,200 ಅಷ್ಟೇ.

ಉಳಿದ ಸಾವಿರದ ಆರುನೂರು ಎಲ್ಲಿ ಹೋಯ್ತು? ಎಲ್ಲಿಗೂ ಹೋಗ್ಲಿಲ್ಲ ಮಾರ್ರೆ. ಬಜೆಟ್‌ಗೆ ಮೊದಲು ಮಾರ್ಕೆಟ್ ರೇಟ್ ಡ್ಯೂಟಿ ಸೇರಿದ ಲೆಕ್ಕಕ್ಕಿಂತ ಸುಮಾರು 1,100 ಕೆಳಗಿತ್ತು, ಅಂದ್ರೆ ಡಿಸ್ಕೌಂಟ್. ಆ 15%ನಲ್ಲಿ ಒಂದು ಪಾಲು ಗಿರಾಕಿಯ ಮೇಲೆ ಬೀಳ್ತಾನೇ ಇರ್ಲಿಲ್ಲ. ಡ್ಯೂಟಿ ಇಳಿದ ಮೇಲೆ ರೇಟ್ ಲೆಕ್ಕಕ್ಕಿಂತ 500ರಷ್ಟು ಮೇಲೆ ಹೋಯ್ತು, ಅಂದ್ರೆ ಪ್ರೀಮಿಯಂ, ಔನ್ಸ್‌ಗೆ ಹದಿನೆಂಟು ಡಾಲರ್ ಹತ್ತಿರ. ಯಾಕೆಂದ್ರೆ ಕಳ್ಳದಾರಿಯ ಲಾಭ ಒಮ್ಮೆಲೇ ಕರಗಿತು, ಈ ಕಡೆ ಜನ ಅಂಗಡಿಗೆ ನುಗ್ಗಿದ್ರು. ನೆನಪಿರ್ಲಿ, ಅದು ಆಟಿ ತಿಂಗಳು, ನಮ್ಮ ಕಡೆ ಮದುವೆ ಮುಂಜಿ ಏನೂ ಇಲ್ಲದ ಸಮಯ, ಹೊರಗೆ ಜಡಿಮಳೆ, ಅಂಗಡಿಯವರು ನೊಣ ಹೊಡೆಯುತ್ತಾ ಕೂರುವ ಹೊತ್ತು. ಆದ್ರೂ ನಾನು ಲೆಕ್ಕ ಬರೆಯುವ ಅಂಗಡಿಯಲ್ಲಿ ಆ ವಾರ ಕೂರ್ಲಿಕ್ಕೆ ಸ್ಟೂಲ್ ಸಾಲ್ಲಿಲ್ಲ. ಧನಿಗಳಿಗೆ ಮಾತ್ರ ಮುಖದಲ್ಲಿ ಕಳೆ ಇಲ್ಲ. 15% ಡ್ಯೂಟಿಯ ಸ್ಟಾಕ್ ಕಪಾಟಲ್ಲಿ ಕೂತಿದೆ, ಕಿಲೋಗೆ ನಾಲ್ಕು ಲಕ್ಷ ಒಂದೇ ಮಧ್ಯಾಹ್ನದಲ್ಲಿ ಹೋಗಿತ್ತು.

ಡ್ಯೂಟಿ ಬದಲಾದ ದಿನ ಅಂಗಡಿ ರೇಟ್ ಪೂರ್ತಿ ಲೆಕ್ಕದಷ್ಟು ಬದಲಾಗ್ಲಿಲ್ಲ ಅಂತ ಕಂಡ್ರೆ, ಮೊದಲು ಹಿಂದಿನ ದಿನ ಡಿಸ್ಕೌಂಟ್ ಇತ್ತೋ ಪ್ರೀಮಿಯಂ ಇತ್ತೋ ಅಂತ ಹೀಗೆ ಹಾಕಿ ನೋಡಿ. ಉತ್ತರ ಹೆಚ್ಚಾಗಿ ಅಲ್ಲೇ ಇರ್ತದೆ.

ಹೆಜ್ಜೆ 5: ಬೋರ್ಡ್ ರೇಟ್, ಬಿಲ್

ಈಗ ಅಂಗಡಿಗೆ ಬರುವ. ಪುನಃ ನಮ್ಮ 2500, 84ರ ಉದಾಹರಣೆ. 71,568ನ್ನು 0.916ರಿಂದ ಗುಣಿಸಿದ್ರೆ 22 ಕ್ಯಾರೆಟ್‌ಗೆ ಗ್ರಾಂಗೆ 6,556 ಬರ್ತದೆ. ಆದ್ರೆ ಬೋರ್ಡಿನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬರೆದಿರ್ತಾರೆ, ಉದಾಹರಣೆಗೆ 6,650 ಅಂತ ಇಟ್ಕೊಳ್ಳುವ. ಬೋರ್ಡ್ ರೇಟನ್ನು ಸಾಮಾನ್ಯವಾಗಿ ಅಂಗಡಿಯವರ ಸಂಘಟನೆಗಳು ಬೆಳಿಗ್ಗೆ ಕೂತು ನಿಗದಿ ಮಾಡೋದು, ಒಮ್ಮೆ ಬರೆದ ಮೇಲೆ ಇಡೀ ದಿನ ಅದೇ ನಡೀತದೆ, ಮಾರ್ಕೆಟ್ ಜೋರು ಹೊಯ್ದಾಡಿದ್ರೆ ಮಾತ್ರ ಮಧ್ಯಾಹ್ನ ಬದಲಾಯಿಸ್ತಾರೆ. ಇಡೀ ದಿನದ ಏರಿಳಿತದ ರಿಸ್ಕ್, ಮುಂಬೈಯಿಂದ ತರಿಸುವ ಖರ್ಚು, ಸ್ವಲ್ಪ ಲಾಭ, ಎಲ್ಲ ಆ ಜಾಸ್ತಿಯಲ್ಲಿ ಉಂಟು. ಒಂದರಿಂದ ಎರಡು ಪರ್ಸೆಂಟ್ ಅಂದ್ರೆ ನನಗೆ ಸಹಜ ಅನ್ನಿಸ್ತದೆ, ಅದಕ್ಕಿಂತ ಮೇಲೆ ಹೋದ್ರೆ ಕೇಳ್ಬೇಕು.

ಅಕ್ಕ ಮಗಳಿಗೆ ಅಂತ ನೋಡಿದ್ದು ಎರಡು ಪವನ್‌ನ ಚೈನ್, 16 ಗ್ರಾಂ. ಆ ಅಳತೆಗೆ ಈ ಉದಾಹರಣೆ ರೇಟ್‌ನಲ್ಲಿ ಬಿಲ್ ಹೀಗೆ ಆಗ್ತದೆ. ಚಿನ್ನಕ್ಕೆ 16 ಗುಣಿಲೆ 6,650, ಅಂದ್ರೆ 1,06,400. ಮೇಕಿಂಗ್ 8% ಅಂದ್ರೆ 8,512. ಎರಡನ್ನೂ ಸೇರಿಸಿ ಅದರ ಮೇಲೆ ಜಿಎಸ್‌ಟಿ 3%, ಅಂದ್ರೆ 3,447. ಒಟ್ಟು 1,18,359 (ಹಾಲ್‌ಮಾರ್ಕ್‌ನ ಸಣ್ಣ ಚಾರ್ಜ್ ಬೇರೆ). ಇನ್ನು ಲಂಡನ್ ಲೆಕ್ಕ ನೋಡುವ. ಈ ಚೈನಿನಲ್ಲಿ ಇರುವ ಅಪ್ಪಟ ಚಿನ್ನ 14.656 ಗ್ರಾಂ, ಟ್ಯಾಕ್ಸ್ ಇಲ್ಲದ ಅದರ ಬೆಲೆ 98,953.

ವ್ಯತ್ಯಾಸ 19,406 ರೂಪಾಯಿ. ಇದನ್ನು ಬಿಡಿಸಿ ನೋಡಿದ್ರೆ ಕಸ್ಟಮ್ಸ್ ಡ್ಯೂಟಿ 5,937, ಬೋರ್ಡಿನಲ್ಲಿ ಜಾಸ್ತಿ ಹಾಕಿದ್ದು 1,510, ಮೇಕಿಂಗ್ 8,512, ಜಿಎಸ್‌ಟಿ 3,447. ಜನ ಬಯ್ಯೋದು ಸರ್ಕಾರದ ಡ್ಯೂಟಿಗೆ, ಆದ್ರೆ ಬಿಲ್ಲಿನಲ್ಲಿ ದೊಡ್ಡ ತುಂಡು ಮೇಕಿಂಗ್. ಚರ್ಚೆ ಮಾಡಿ ಇಳಿಸ್ಲಿಕ್ಕೆ ಆಗುವುದೂ ಅದೊಂದೇ. ಕೆಲವರು ಅದನ್ನೇ ವೇಸ್ಟೇಜ್ ಅಂತಾರೆ, ಇನ್ನು ಕೆಲವರು ವಿಎ ಅಂತ ಬರೀತಾರೆ, ಹೆಸರು ಯಾವುದಾದ್ರೂ ಆಗ್ಲಿ, ಎರಡು ಹೆಸರಲ್ಲಿ ಎರಡು ಸಲ ಹಾಕಿದ್ದಾರಾ ಅಂತ ನೋಡಿ. ಕಲ್ಲು ಕೂರಿಸಿದ ಒಡವೆ ಆದ್ರೆ ಕಲ್ಲಿನ ತೂಕ ಕಳೆದು ಉಳಿದ ತೂಕಕ್ಕೆ ಮಾತ್ರ ಚಿನ್ನದ ರೇಟ್ ಹಾಕ್ಬೇಕು.

ಒಡವೆ ಮೇಲೆ 22K916 ಅಂತಲೂ ಆರು ಅಕ್ಷರ ಅಂಕಿಯ ಎಚ್‌ಯುಐಡಿ ನಂಬರೂ ಇರ್ಬೇಕು, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಅದು ಕಡ್ಡಾಯ. ಅದು ಇಲ್ಲದಿದ್ರೆ ನಾವು 0.916 ಹಾಕಿ ಮಾಡಿದ ಲೆಕ್ಕಕ್ಕೇ ಆಧಾರ ಇಲ್ಲ. ಹಿಂದೆ ಒಮ್ಮೆ ನಮ್ಮಮ್ಮನ ಹಳೇ ಬಳೆ ಕೊಟ್ಟು ಹೊಸತು ತಗೊಳ್ಳುವಾಗ ಅಂಗಡಿಯೊಂದರಲ್ಲಿ ಪರೀಕ್ಷೆ ಮಾಡಿದ್ರು, 22 ಕ್ಯಾರೆಟ್ ಅಂತ ತಂದದ್ದು ತೋರಿಸಿದ್ದು 20ಕ್ಕಿಂತ ಚೂರು ಮೇಲೆ. ಇಪ್ಪತ್ತು ವರ್ಷ ನಾವು ಅದನ್ನು 916 ಅಂತಲೇ ಗುಣಿಸ್ತಾ ಕೂತಿದ್ದೆವು.

ಲೆಕ್ಕ ಹೊಂದದಿದ್ರೆ

ಎಲ್ಲ ಸರಿ ಮಾಡಿಯೂ ಎರಡು ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂತು ಅಂದ್ರೆ ನಾನು ನೋಡೋದು ಈ ಸಾಲಿನಲ್ಲಿ. ಮೊದಲು ಹೊತ್ತು. ಲಂಡನ್ ಮಾರ್ಕೆಟ್ ಜೋರಾಗೋದು ನಮ್ಮ ಮಧ್ಯಾಹ್ನದ ಮೇಲೆ, ಅಮೆರಿಕದ್ದು ನಮ್ಮ ಸಂಜೆ ರಾತ್ರಿಗೆ. ರಾತ್ರಿ ಹನ್ನೊಂದಕ್ಕೆ ಫೋನಲ್ಲಿ XAUUSD, ಅಂದ್ರೆ ಚಿನ್ನದ ಔನ್ಸ್‌ಗೆ ಡಾಲರ್ ರೇಟ್, ನೋಡಿ, ಬೆಳಿಗ್ಗೆ ಬರೆದ ಬೋರ್ಡಿನ ಜೊತೆ ಹೋಲಿಸಿದ್ರೆ ಹೊಂದ್ಲಿಕ್ಕೆ ಸಾಧ್ಯ ಇಲ್ಲ. ಬೆಳಿಗ್ಗೆ ಹತ್ತು ಗಂಟೆಯ ಔನ್ಸ್ ರೇಟ್, ಹತ್ತು ಗಂಟೆಯ ಡಾಲರ್, ಅದೇ ದಿನದ ಬೋರ್ಡ್, ಹೀಗೆ ಇಟ್ಟು ನೋಡಿ. ಆದಿತ್ಯವಾರ ಹೋಲಿಸುವವರೂ ಉಂಟು, ಅವತ್ತು ಹೊರಗೆ ಮಾರ್ಕೆಟ್ಟೇ ಇರುವುದಿಲ್ಲ, ಬೋರ್ಡಿನಲ್ಲಿರೋದು ಶನಿವಾರದ್ದು.

ಆಮೇಲೆ ಡ್ಯೂಟಿ ಬದಲಾಗಿದೆಯಾ ಅಂತ ನೋಡಿ. ಆಮೇಲೆ ನೀವು ನೋಡಿದ ವೆಬ್‌ಸೈಟಿನ ರೇಟ್‌ನಲ್ಲಿ ಜಿಎಸ್‌ಟಿ ಸೇರಿದೆಯಾ ಇಲ್ವಾ, ಅದು 24ರದ್ದಾ 22ರದ್ದಾ ಅಂತ. ಮೂರು ಪರ್ಸೆಂಟ್‌ನ ವ್ಯತ್ಯಾಸ ಸರಿಯಾಗಿ ಕಂಡ್ರೆ ಜಿಎಸ್‌ಟಿ, ಎಂಟೂಕಾಲರ ಹತ್ತಿರ ಕಂಡ್ರೆ ಕ್ಯಾರೆಟ್, ಹತ್ತರ ಹತ್ತಿರ ಕಂಡ್ರೆ ಔನ್ಸ್. ಇದು ನಾನು ಕೈಬೆರಳಲ್ಲಿ ಇಟ್ಕೊಂಡ ಲೆಕ್ಕ, ಹೆಚ್ಚಾಗಿ ತಪ್ಪುವುದಿಲ್ಲ. ಇದ್ಯಾವುದೂ ಅಲ್ಲ, ಎರಡು ಮೂರು ದಿನ ಬಿಟ್ಟು ನೋಡಿದ್ರೂ ವ್ಯತ್ಯಾಸ ಹಾಗೇ ಉಂಟು ಅಂದ್ರೆ ಅದು ಮಾರ್ಕೆಟ್‌ನ ಪ್ರೀಮಿಯಂ ಡಿಸ್ಕೌಂಟೇ ಇರ್ಬೇಕು, ಆಗ ಐಬಿಜೆಎ ರೇಟ್ ನೋಡಿದ್ರೆ ಗೊತ್ತಾಗ್ತದೆ. ಐಬಿಜೆಎಯೂ ಅದೇ ದಿಕ್ಕಿಗೆ ಸರಿದಿದ್ರೆ ಅದು ಇಡೀ ದೇಶದ್ದು. ಅದು ನಿಮ್ಮ ಲೆಕ್ಕಕ್ಕೆ ಹತ್ತಿರವೇ ಇದ್ದು ಬೋರ್ಡ್ ಮಾತ್ರ ದೂರ ಇದ್ರೆ ಅದು ಆ ಅಂಗಡಿದು, ಪಕ್ಕದ ಎರಡು ಅಂಗಡಿಯ ಬೋರ್ಡ್ ನೋಡ್ಕೊಂಡು ಬನ್ನಿ.

ಭಾವನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು 28.35 ತೆಗೆದು 31.1035 ಹಾಕಿ ಪುನಃ ಲೆಕ್ಕ ಮಾಡಿದ್ರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ರು, "ಹಾಗಾದ್ರೆ ನಿಮ್ಮಕ್ಕನ ಕೈಯಲ್ಲಿ ಎಷ್ಟು ತರ್ಬಹುದು?" ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ವಾಪಸ್ ಬರುವ ಹೆಂಗಸರಿಗೆ ಡ್ಯೂಟಿ ಇಲ್ಲದೆ 40 ಗ್ರಾಂ, ಗಂಡಸರಿಗೆ 20 ಗ್ರಾಂ, ಅದೂ ಒಡವೆ ಮಾತ್ರ, ಬಿಸ್ಕೆಟ್ ನಾಣ್ಯ ಅಲ್ಲ. ಅಕ್ಕ ಆರು ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವವಳು. ಚೈನ್ ಕೊನೆಗೆ ಉಡುಪಿಯಲ್ಲೇ ತಗೊಂಡದ್ದು, ಮೇಕಿಂಗ್ ಎಂಟರಿಂದ ಆರಕ್ಕೆ ಇಳಿಸಿ.